ರಾತ್ರಿ ಹನ್ನೊಂದಕ್ಕೆ ಸೀನಿಯರಿಗೆ ಮಾಡಬೇಕಾದ ಫೋನು

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಕಡೆಯ ದೊಡ್ಡ ಆಸ್ಪತ್ರೆಗಳ ಕ್ಯಾಶುವಾಲ್ಟಿಗೆ ಹಾವು ಕಡಿದವರು ಬರತೊಡಗುತ್ತಾರೆ. ಕತ್ತಲಾದ ಮೇಲೆ ಬದುವಿನ ಮೇಲೆ ಬರಿಗಾಲಲ್ಲಿ ಮನೆಗೆ ಹೊರಟವರು, ರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ಹಾಯಿಸಲು ಹೋದವರು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಂಥ ಬೋಧಕ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ರೋಗಿಯ ಪಕ್ಕ ನಿಲ್ಲುವವರು ಪ್ರೊಫೆಸರ್ ಅಲ್ಲ. ಓದು ಮುಗಿಸಿ ಒಂದು ವರ್ಷದ ಇಂಟರ್ನ್‌ಶಿಪ್ ಮಾಡುತ್ತಿರುವ ಹೌಸ್ ಸರ್ಜನ್ ಒಬ್ಬರು, ಪಿಜಿ ಸೇರಿ ಕೆಲವೇ ತಿಂಗಳಾದ ಫಸ್ಟ್ ಇಯರ್ ಒಬ್ಬರು. ಅವರ ಮೇಲೆ ಸೆಕೆಂಡ್ ಇಯರ್, ಅವರ ಮೇಲೆ ಥರ್ಡ್ ಇಯರ್, ಆಮೇಲೆ ಸೀನಿಯರ್ ರೆಸಿಡೆಂಟ್, ಅಸಿಸ್ಟೆಂಟ್ ಪ್ರೊಫೆಸರ್, ಕೊನೆಗೆ ಯೂನಿಟ್ ಚೀಫ್. ಒಂದೇ ವರ್ಷ ಮುಂದಿದ್ದವರೂ ಇಲ್ಲಿ ‘ಸರ್’, ‘ಮೇಡಂ’.

ಈ ಏಣಿಯಲ್ಲಿ ಪ್ರಶ್ನೆ ಯಾವಾಗಲೂ ಮೇಲಿಂದ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ರೌಂಡ್ಸಿನಲ್ಲಿ ಚೀಫ್ ಒಂದು ಪ್ರಶ್ನೆ ಕೇಳುತ್ತಾರೆ, ಥರ್ಡ್ ಇಯರ್ ಉತ್ತರಿಸಲಾಗದೆ ಸೆಕೆಂಡ್ ಇಯರ್ ಕಡೆ ನೋಡುತ್ತಾರೆ, ಅವರು ಫಸ್ಟ್ ಇಯರ್ ಕಡೆ. ಪ್ರತಿ ಮೆಟ್ಟಿಲಿಗೂ ದನಿ ಏರುತ್ತದೆ. ಮೇಲಿದ್ದಾಗ ‘ರಿಪೋರ್ಟ್ ಎಲ್ಲಿ?’ ಎಂದಿದ್ದ ಮಾತು ಕೆಳಗೆ ಮುಟ್ಟುವ ಹೊತ್ತಿಗೆ ‘ನಿನಗೆ ಎಂಬಿಬಿಎಸ್ ಕೊಟ್ಟವರು ಯಾರು?’ ಎಂದಾಗಿರುತ್ತದೆ. ಅದೂ ರೋಗಿಯ ಹೆಂಡತಿ, ಮಕ್ಕಳು, ಸಿಸ್ಟರ್, ವಾರ್ಡ್ ಬಾಯ್ ಎಲ್ಲರೂ ನಿಂತಿರುವಾಗ.

ಈ ಬೈಗುಳದಿಂದ ಮನಸ್ಸಿಗೆ ನೋವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಅದರ ಇನ್ನೊಂದು ಫಲವನ್ನು: ಬೈಸಿಕೊಂಡ ಜೂನಿಯರ್ ಮುಂದಿನ ಸಲ ಫೋನ್ ಮಾಡಲು ತಡಮಾಡುತ್ತಾರೆ. ಹತ್ತು ನಿಮಿಷ ಕಾಯೋಣ, ಇನ್ನೊಂದು ಸಲ ಬಿಪಿ ನೋಡೋಣ, ಇನ್ನೂ ಖಾತ್ರಿಯಾಗಲಿ ಎಂದುಕೊಳ್ಳುತ್ತಾ ಗಂಟೆ ಕಳೆಯುತ್ತದೆ. ಹಾಗಾಗಿ ಈ ವ್ಯವಸ್ಥೆಯೊಳಗಿದ್ದೇ ಕಲಿಯಬೇಕಾದವರು ಮೊದಲು ಉಳಿಸಿಕೊಳ್ಳಬೇಕಾದದ್ದು ಆ ಫೋನನ್ನು. ಅದು ಹೇಗೆಂದು ಹಾವು ಕಡಿದ ಒಂದೇ ಕೇಸನ್ನು ಉದಾಹರಣೆಯಾಗಿ ಕಟ್ಟಿಕೊಂಡು ನೋಡೋಣ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಯಲ್ಲಿದೆ. ಹೀಗಾಗಿ ಇಂಥ ಪ್ರತಿ ಕೇಸೂ ದಾಖಲೆಗೆ ಹೋಗುತ್ತದೆ.

ರೋಗಿಗೆ ನಲವತ್ತೈದು ವರ್ಷ, ಕೂಲಿ ಕೆಲಸ. ಸಂಜೆ 7ಕ್ಕೆ ಎಡಗಾಲಿನ ಪಾದಕ್ಕೆ ಕಡಿದಿದೆ. ‘ಕೊಳಕುಮಂಡಲ ಇದ್ದಂಗಿತ್ರೀ’ ಅಂತಾರೆ ಜೊತೆಗೆ ಬಂದವರು. ಕಣಕಾಲಿನ ಮೇಲೆ ಹಗ್ಗ ಬಿಗಿದಿದೆ. ಆಸ್ಪತ್ರೆ ಮುಟ್ಟಿದ್ದು ರಾತ್ರಿ 10.10ಕ್ಕೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಖಾಲಿ ಮಾಡುತ್ತದೆ. ಇದನ್ನು ಮಂಚದ ಪಕ್ಕದಲ್ಲೇ ಪತ್ತೆಹಚ್ಚಲು ಇರುವ ಪರೀಕ್ಷೆ 20 ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆ. ಲ್ಯಾಬ್ ಬೇಡ, ಮಷಿನ್ ಬೇಡ. ಸ್ವಚ್ಛವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ರಕ್ತನಾಳದಿಂದ ಆಗಷ್ಟೇ ತೆಗೆದ ರಕ್ತ 2 ಎಂಎಲ್ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಂದೇ ಸಲ ಓರೆ ಮಾಡಬೇಕು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ, ಹಾವಿನ ವಿಷವನ್ನು ತಟಸ್ಥಗೊಳಿಸುವ ಔಷಧ ಎಎಸ್‌ವಿ ಬೇಕು.

ಕೇಳಲು ಇಷ್ಟು ಸರಳ. ಬೈಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಈ ಟ್ಯೂಬಿನಲ್ಲಿ ತಪ್ಪಾಗಲು ಐದಾರು ದಾರಿಗಳಿವೆ, ಅವು ಒಂದೂ ಹೊರಗೆ ಕಾಣುವುದಿಲ್ಲ.

ಗಾಜೇ ಏಕೆ ಬೇಕೆಂದರೆ, ಗಾಜಿನ ಮೇಲ್ಮೈ ತಾಗಿದಾಗ ರಕ್ತದಲ್ಲಿ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹಾಗೆ ಸರಿಯಾಗಿ ಆಗುವುದಿಲ್ಲ, ಆರೋಗ್ಯವಂತರ ರಕ್ತವೂ 20 ನಿಮಿಷಕ್ಕೆ ಗಟ್ಟಿಯಾಗದಿರಬಹುದು. ಗಾಜಿನದೇ ಆದರೂ ಸೋಪಿನ ನೀರಿನಲ್ಲಿ ತೊಳೆದ ಟ್ಯೂಬಾದರೆ ಒಳಗೆ ಉಳಿದ ಸೋಪಿನ ತೆಳು ಪದರ ಅದೇ ತೊಂದರೆ ಕೊಡುತ್ತದೆ. ಡ್ರಿಪ್ಪಿಗೆ ಹಾಕಿದ ಕ್ಯಾನುಲಾದಿಂದಲೇ ರಕ್ತ ಎಳೆದರೆ ಸಲೈನ್ ಬೆರೆತು ಫಲಿತಾಂಶ ಕೆಡುತ್ತದೆ. ಕಾತರ ತಾಳದೆ ಎಂಟು, ಹತ್ತು, ಹದಿನೈದು ನಿಮಿಷಕ್ಕೆ ಓರೆ ಮಾಡಿ ನೋಡಿದರೆ ಆಗಷ್ಟೇ ಕೂಡುತ್ತಿದ್ದ ಹೆಪ್ಪು ಒಡೆಯುತ್ತದೆ. ಇನ್ನು ಎಷ್ಟು ಗಂಟೆಗೆ ಇಟ್ಟೆವು ಎಂಬುದನ್ನೇ ಬರೆಯದಿದ್ದರೆ 20 ನಿಮಿಷ ಎನ್ನುವುದು ಊಹೆಯ ಮಾತಾಗುತ್ತದೆ.

ನಮ್ಮ ಉದಾಹರಣೆಗೆ ಬರೋಣ. 10.20ಕ್ಕೆ ಹೌಸ್ ಸರ್ಜನ್ ಟ್ಯೂಬ್ ತಂದರು, ಫಸ್ಟ್ ಇಯರ್ ರಕ್ತ ತೆಗೆದು ಹಾಕಿದರು. 10.32ಕ್ಕೆ ಆ ದಾರಿಯಲ್ಲಿ ಹೊರಟಿದ್ದ ಸೆಕೆಂಡ್ ಇಯರ್ ‘ಏನಾಯ್ತು? ಇನ್ನೂ ಗೊತ್ತಾಗಿಲ್ವಾ?’ ಎಂದು ಗದರಿದರು. ಫಸ್ಟ್ ಇಯರ್ ಹೆದರಿ ಟ್ಯೂಬನ್ನು ಕೈಗೆತ್ತಿಕೊಂಡು ಓರೆ ಮಾಡಿದರು. ರಕ್ತ ಹರಿಯಿತು. ‘ಗಟ್ಟಿ ಆಗಿಲ್ಲ ಸರ್’ ಎಂದರು. ‘ಎಷ್ಟು ನಿಮಿಷ ಆಯ್ತು?’ ಎಂಬ ಪ್ರಶ್ನೆ ಬಂತು. ಹನ್ನೆರಡು. ಆಮೇಲೆ ಬಂದ ಮಾತುಗಳು ಎಲ್ಲರಿಗೂ ಪರಿಚಯದವು: ಟ್ಯೂಬ್ ಹಿಡಿಯಲೂ ಬರುವುದಿಲ್ಲ, ನಿನ್ನಂಥವರಿಗೆ ಸೀಟು ಹೇಗೆ ಸಿಕ್ಕಿತು, ನಾಳೆ ಚೀಫ್ ಮುಂದೆ ನೀನೇ ಉತ್ತರ ಕೊಡು.

ಈ ಬೈಗುಳವನ್ನು ಎರಡು ಭಾಗ ಮಾಡಿ ನೋಡಬೇಕು. ‘20 ನಿಮಿಷಕ್ಕೆ ಮೊದಲು ಟ್ಯೂಬ್ ಮುಟ್ಟಿದೆ’ ಎಂಬುದು ನಿಜ. ಅದರಲ್ಲಿ ಕಲಿಯುವ ವಿಷಯ ಇದೆ. ‘ಸೀಟು ಹೇಗೆ ಸಿಕ್ಕಿತು’ ಎಂಬುದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಆದರೆ ಬೈಸಿಕೊಂಡವರ ತಲೆಯಲ್ಲಿ ರಾತ್ರಿಯಿಡೀ ತಿರುಗುವುದು ಎರಡನೆಯದು, ಮೊದಲನೆಯದು ಮರೆತೇ ಹೋಗುತ್ತದೆ. ಅದಕ್ಕೆ ಏಪ್ರನ್ ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ, ಬೈಗುಳ ಮುಗಿದ ಐದು ನಿಮಿಷದೊಳಗೆ ಮೊದಲ ಭಾಗವನ್ನು ಮಾತ್ರ ಒಂದು ಸಾಲಿನಲ್ಲಿ ಬರೆದುಕೊಳ್ಳಿ: ‘ಟ್ಯೂಬಿನ ಮೇಲೆ ಪ್ಲಾಸ್ಟರ್, ಇಟ್ಟ ಸಮಯ, ಮೊಬೈಲಿನಲ್ಲಿ ಅಲಾರಂ, ಸ್ಟ್ಯಾಂಡಿನಲ್ಲಿ ಇಡು, ಯಾರು ಕೇಳಿದರೂ ಮುಟ್ಟಬೇಡ.’ ಯಾರು ಬೈದರು, ಹೇಗೆ ಬೈದರು ಎಂಬುದು ಈ ಪುಸ್ತಕದಲ್ಲಿ ಬೇಡ. ಅದಕ್ಕೆ ಬೇರೆ ಜಾಗ ಇದೆ, ಮುಂದೆ ಹೇಳುತ್ತೇನೆ. ಒಂದೆರಡು ತಿಂಗಳಾದ ಮೇಲೆ ತೆರೆದು ನೋಡಿದರೆ ಇದು ಬೈಗುಳದ ಪುಸ್ತಕವಾಗಿರುವುದಿಲ್ಲ, ಕೆಲಸದ ಪುಸ್ತಕವಾಗಿರುತ್ತದೆ.

ಸೆಕೆಂಡ್ ಇಯರ್ ಮತ್ತೆ ಬಂದು ‘ಏನಾಯ್ತು?’ ಎಂದಾಗ ಹೇಳಬೇಕಾದ ಉತ್ತರವನ್ನೂ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು: ‘ಸರ್, ಹೊಸ ಟ್ಯೂಬ್ 10.40ಕ್ಕೆ ಇಟ್ಟಿದ್ದೇನೆ, 11ಕ್ಕೆ ನೋಡಿ ಹೇಳ್ತೀನಿ.’ ಇಷ್ಟೇ. ಭಯದಲ್ಲಿ ಹೊಸ ವಾಕ್ಯ ಹೊಳೆಯುವುದಿಲ್ಲ, ಅಭ್ಯಾಸವಾದ ವಾಕ್ಯ ಮಾತ್ರ ಬಾಯಿಗೆ ಬರುತ್ತದೆ. ಸಮಯ ಹೇಳಿದ ಉತ್ತರದ ಮೇಲೆ ಕೂಗಾಡಲು ಹೆಚ್ಚಿಗೆ ಏನೂ ಉಳಿಯುವುದಿಲ್ಲ.

ಈಗ ಕೆಟ್ಟ ಟ್ಯೂಬಿನ ಗತಿ. ಹನ್ನೆರಡನೇ ನಿಮಿಷಕ್ಕೆ ಓರೆ ಮಾಡಿದ ಟ್ಯೂಬಿನಿಂದ ಏನೂ ಗೊತ್ತಾಗುವುದಿಲ್ಲ, ಅದನ್ನು ಎಸೆದು ಮತ್ತೆ ಮಾಡಬೇಕು. ಇಲ್ಲಿ ಅನೇಕರು ಹೆದರಿ ‘ಹೇಗೂ ಹರಿಯಿತಲ್ಲ’ ಎಂದು ಅದನ್ನೇ 20 ನಿಮಿಷ ಅಂತ ಕೇಸ್ ಶೀಟಿನಲ್ಲಿ ಬರೆದುಬಿಡುತ್ತಾರೆ. ಬೈಗುಳದ ಭಯ ಸುಳ್ಳು ದಾಖಲೆಯಾಗುವುದು ಹೀಗೆ. ಆ ಒಂದು ಸಾಲಿನ ಮೇಲೆ ರೋಗಿಗೆ ಬೇಡದ ಎಎಸ್‌ವಿ ಹೋಗಬಹುದು. ಎಎಸ್‌ವಿ ಕುದುರೆಯ ಸೀರಂನಿಂದ ತಯಾರಾದ ಔಷಧ, ಅದರಿಂದ ಕೆಲವರಿಗೆ ಅಲರ್ಜಿಯಾಗಿ ಮೈಮೇಲೆ ದದ್ದು ಏಳುತ್ತದೆ, ಬಿಪಿ ಬೀಳುತ್ತದೆ. ಬೈಸಿಕೊಂಡರೂ ಸರಿ, ‘ಮೊದಲ ಟ್ಯೂಬ್ 12 ನಿಮಿಷಕ್ಕೆ ಅಲುಗಿತು, ಫಲಿತಾಂಶ ಪರಿಗಣಿಸಿಲ್ಲ, 10.40ಕ್ಕೆ ಮರುಪರೀಕ್ಷೆ’ ಎಂದೇ ಬರೆಯಬೇಕು. ಮರುದಿನ ಯಾರಾದರೂ ಕೇಳಿದರೆ ಜೂನಿಯರನ್ನು ಕಾಯುವುದು ಈ ಸಾಲೇ.

ಎರಡನೇ ಸಲ ಮಾಡುವಾಗ ಎರಡು ಟ್ಯೂಬ್ ಇಡಿ. ಒಂದರಲ್ಲಿ ರೋಗಿಯ ರಕ್ತ, ಅದೇ ಥರದ ಇನ್ನೊಂದರಲ್ಲಿ ಆರೋಗ್ಯವಂತರೊಬ್ಬರ ರಕ್ತ. ರೋಗಿಯ ತಮ್ಮನೋ ಮಗನೋ ಒಪ್ಪಿದರೆ ಅವರದೇ ಆದೀತು. ಇದು ಕಂಟ್ರೋಲ್. ಎರಡೂ ಹೆಪ್ಪುಗಟ್ಟದಿದ್ದರೆ ತಪ್ಪು ಟ್ಯೂಬಿನದು. ಕಂಟ್ರೋಲ್ ಗಟ್ಟಿಯಾಗಿ ರೋಗಿಯದು ಮಾತ್ರ ಹರಿದರೆ ಅನುಮಾನವೇ ಬೇಡ. ಒಂದು ಎಚ್ಚರಿಕೆ: ಒಸಡಿನಿಂದಲೋ ಸೂಜಿ ಚುಚ್ಚಿದ ಕಡೆಯಿಂದಲೋ ರಕ್ತ ಸೋರುತ್ತಿದ್ದರೆ, ಮೂತ್ರ ಕೆಂಪಗಿದ್ದರೆ, ಕಣ್ಣಿನ ರೆಪ್ಪೆ ಜೋತುಬೀಳುತ್ತಿದ್ದರೆ ಮರುಪರೀಕ್ಷೆಗಾಗಿ 20 ನಿಮಿಷ ಕಾಯುವ ಮಾತೇ ಇಲ್ಲ, ತಕ್ಷಣ ಫೋನ್ ಮಾಡಿ ಎಎಸ್‌ವಿ ತಯಾರಿ ಮಾಡಬೇಕು. ನಮ್ಮ ರೋಗಿಗೆ ಊತ ಕಣಕಾಲಿನವರೆಗೆ ಮಾತ್ರ ಇದೆ, ರಕ್ತ ಎಲ್ಲೂ ಸೋರಿಲ್ಲ, ರೆಪ್ಪೆ ಸರಿಯಾಗಿದೆ. ಹಾಗಾಗಿ ಕಾಯಬಹುದು. ಕಾಯುವಾಗ ಬೇರೆ ಕೈಗೆ ಐವಿ ಲೈನ್ ಹಾಕಬೇಕು. ಹಗ್ಗವನ್ನು ಮಾತ್ರ ಕಂಡಕೂಡಲೇ ಕತ್ತರಿಸಬಾರದು. ತಡೆದು ನಿಂತ ವಿಷ ಒಮ್ಮೆಲೇ ಮೈಗೆ ಏರಬಹುದು, ಆದ್ದರಿಂದ ಲೈನ್ ಹಾಕಿ, ಔಷಧ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆ ಸಡಿಲಿಸಬೇಕು.

11ಕ್ಕೆ ಅಲಾರಂ ಹೊಡೆಯಿತು. ಕಂಟ್ರೋಲ್ ಟ್ಯೂಬನ್ನು ಓರೆ ಮಾಡಿದರೆ ರಕ್ತ ಅಲುಗಲಿಲ್ಲ, ತಳಕ್ಕೆ ಕಚ್ಚಿಕೊಂಡು ಮೊಸರಿನಂತೆ ನಿಂತಿತು. ರೋಗಿಯ ಟ್ಯೂಬಿನಲ್ಲಿ ರಕ್ತ ಗಾಜಿನ ಗೋಡೆಯ ಮೇಲೆ ಕೆಂಪು ಪದರ ಬಿಡುತ್ತಾ ಅಂಚಿನವರೆಗೂ ಹರಿದು ಬಂತು. ಈಗ ಸೆಕೆಂಡ್ ಇಯರಿಗೆ ಫೋನ್ ಮಾಡಬೇಕು. ಅರ್ಧ ಗಂಟೆ ಹಿಂದೆ ಬೈದುಹೋದವರಿಗೇ.

ಕೈ ನಡುಗುವುದು ಇಲ್ಲೇ. ಹೆದರಿದವರ ಫೋನು ಹೀಗೆ ಶುರುವಾಗುತ್ತದೆ: ‘ಸಾರಿ ಸರ್, ಡಿಸ್ಟರ್ಬ್ ಮಾಡಿದೆ ಸರ್, ಒಬ್ಬರು ಪೇಷಂಟ್ ಬಂದಿದ್ರಲ್ಲ ಸರ್, ಸಂಜೆ ಗದ್ದೆಗೆ ಹೋಗಿದ್ರಂತೆ…’ ಐದು ಸೆಕೆಂಡಿಗೆ ಆಕಡೆಯಿಂದ ‘ಏನ್ ಬೇಕು ಹೇಳು!’ ಎಂದು ಗದರು ಬರುತ್ತದೆ. ಮಾತು ತಪ್ಪುತ್ತದೆ, ಬಿಪಿ ಎಷ್ಟು ಎಂದರೆ ನೆನಪಿಗೆ ಬರುವುದಿಲ್ಲ, ಮತ್ತೆ ಬೈಗುಳ. ನಿದ್ದೆಗೆಟ್ಟು ಎದ್ದವರಿಗೆ ಕಥೆಯ ಮೊದಲ ಭಾಗದಿಂದ ಹೇಳಿದರೆ ಯಾರಿಗಾದರೂ ತಾಳ್ಮೆ ತಪ್ಪುತ್ತದೆ ಎಂಬುದನ್ನೂ ಒಪ್ಪಬೇಕು. ಸೀನಿಯರ್ ಆದವರೂ 30 ಗಂಟೆ ನಿದ್ದೆ ಇಲ್ಲದೆ ಇರಬಹುದು. ಅದು ಅವಮಾನ ಮಾಡಲು ಕಾರಣವಾಗಬಾರದು, ಆದರೆ ಫೋನಿನ ರೂಪವನ್ನು ಬದಲಿಸಲು ಸಾಕಷ್ಟು ಕಾರಣ.

ಆ ರೂಪ ಹೀಗಿರಲಿ. ಡಯಲ್ ಮಾಡುವ ಮುಂಚೆ ಎರಡು ನಿಮಿಷ ರೋಗಿಯ ಪಕ್ಕ ನಿಂತು ಒಂದು ಚೀಟಿಯ ಮೇಲೆ ಬರೆದುಕೊಳ್ಳಿ: ವಯಸ್ಸು, ಕಡಿದ ಸಮಯ, ಪಲ್ಸ್, ಬಿಪಿ, ಉಸಿರಾಟ, ಊತ ಎಲ್ಲಿಯವರೆಗೆ, ರಕ್ತ ಸೋರಿದೆಯೇ, ರೆಪ್ಪೆ ಹೇಗಿದೆ, ಮೂತ್ರದ ಬಣ್ಣ, ಪರೀಕ್ಷೆಯ ಸಮಯ ಮತ್ತು ಫಲ, ಇಲ್ಲಿಯವರೆಗೆ ಏನು ಮಾಡಿದ್ದೇವೆ. ಫೋನಿನಲ್ಲಿ ಮೊದಲ ವಾಕ್ಯವೇ ನಿಮಗೇನು ಬೇಕು ಎಂಬುದಾಗಿರಬೇಕು.

‘ಸರ್, ಕ್ಯಾಶುವಾಲ್ಟಿಯಿಂದ ಫಸ್ಟ್ ಇಯರ್. ಹಾವು ಕಡಿದ ಪೇಷಂಟಿಗೆ ರಕ್ತ ಹೆಪ್ಪುಗಟ್ಟಿಲ್ಲ, ಎಎಸ್‌ವಿ 10 ವೈಯಲ್ ಶುರು ಮಾಡಲು ನಿಮ್ಮ ಒಪ್ಪಿಗೆ ಬೇಕು. 45 ವರ್ಷ, ಗಂಡಸು, 7ಕ್ಕೆ ಕಡಿದಿದೆ. ಪಲ್ಸ್ 104, ಬಿಪಿ 110/70. ಊತ ಕಣಕಾಲಿನವರೆಗೆ, ರಕ್ತಸ್ರಾವ ಇಲ್ಲ, ರೆಪ್ಪೆ ಸರಿ ಇದೆ. ಪರೀಕ್ಷೆ 10.40ರಿಂದ 11, ಕಂಟ್ರೋಲ್ ಗಟ್ಟಿಯಾಗಿದೆ. ಅಡ್ರಿನಲಿನ್ ತೆಗೆದಿಟ್ಟಿದ್ದೇನೆ.’

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆಕಡೆಯಿಂದ ಬಂದ ಆದೇಶವನ್ನು ಇನ್ನೊಮ್ಮೆ ಅವರಿಗೇ ಓದಿ ಹೇಳಬೇಕು: ‘10 ವೈಯಲ್, ಒಂದು ಗಂಟೆಯಲ್ಲಿ, ಸರಿನಾ ಸರ್?’ ಹೀಗೆ ಮಾಡಿದರೆ ಕೇಳಿಸಿಕೊಳ್ಳುವಲ್ಲಿ ತಪ್ಪಾಗುವುದಿಲ್ಲ, ನಾಳೆ ‘ನಾನು ಹಾಗೆ ಹೇಳೇ ಇಲ್ಲ’ ಎಂಬ ಮಾತಿಗೂ ಎಡೆ ಇರುವುದಿಲ್ಲ. ಫೋನ್ ಇಟ್ಟಮೇಲೆ ಕೇಸ್ ಶೀಟಿನಲ್ಲಿ ಒಂದು ಸಾಲು: ‘11.04ಕ್ಕೆ ಸೆಕೆಂಡ್ ಇಯರ್ ಪಿಜಿಗೆ ತಿಳಿಸಿದೆ, ಎಎಸ್‌ವಿ ಶುರು ಮಾಡಲು ಸೂಚಿಸಿದರು.’ ಹೆಸರು, ಸಹಿ. ಈ ಒಂದು ಸಾಲು ಬರೆಯುವ ಅಭ್ಯಾಸ ಇರುವ ಜೂನಿಯರಿಗೆ ಬೈಯುವವರು ತಾವಾಗಿಯೇ ಸ್ವಲ್ಪ ಎಚ್ಚರ ವಹಿಸುತ್ತಾರೆ.

ಫೋನ್ ಎತ್ತದಿದ್ದರೆ? ಐದು ನಿಮಿಷ ಬಿಟ್ಟು ಇನ್ನೊಮ್ಮೆ, ಆಮೇಲೆ ಥರ್ಡ್ ಇಯರಿಗೆ, ಆಮೇಲೆ ಸೀನಿಯರ್ ರೆಸಿಡೆಂಟಿಗೆ. ಎರಡೂ ಪ್ರಯತ್ನದ ಸಮಯ ಬರೆದಿಡಬೇಕು. ‘ನನ್ನ ತಲೆ ಮೇಲಿಂದ ಹೋದೆ’ ಎಂಬ ಸಿಟ್ಟು ಮರುದಿನ ಬರುತ್ತದೆ. ಇದನ್ನು ತಪ್ಪಿಸಲು ಒಂದು ಉಪಾಯ ಇದೆ. ನನ್ನ ಮಟ್ಟಿಗೆ ಈ ಬರಹದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ. ಸಂಜೆ ಎಂಟಕ್ಕೆ ಸೆಕೆಂಡ್ ಇಯರ್ ವಾರ್ಡು ಬಿಡುವ ಮುಂಚೆ ಕೇಳಿಬಿಡಿ: ‘ಸರ್, ಇವತ್ತು ರಾತ್ರಿ ಏನೇನಾದ್ರೆ ನಿಮಗೆ ಫೋನ್ ಮಾಡ್ಬೇಕು? ನೀವು ಸಿಗದಿದ್ರೆ ಯಾರಿಗೆ?’ ಅವರು ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳಿ. ಬಿಪಿ 90ಕ್ಕಿಂತ ಕೆಳಗೆ ಬಂದರೆ, ಹಾವಿನ ಕೇಸ್ ಬಂದರೆ, ಮೂತ್ರ ನಿಂತರೆ. ಆಗ ರಾತ್ರಿ ಎರಡಕ್ಕೆ ಹೋಗುವ ಫೋನು ಜೂನಿಯರಿನ ಅಧೈರ್ಯ ಎನಿಸುವುದಿಲ್ಲ, ‘ನೀವು ಹೇಳಿದಂತೆ ಮಾಡಿದೆ ಸರ್’ ಎಂಬಂತಾಗುತ್ತದೆ. ಎಂಥ ಸಿಡುಕಿನ ಸೀನಿಯರೂ ತನ್ನ ಆದೇಶವನ್ನೇ ಪಾಲಿಸಿದವರ ಮೇಲೆ ಹೆಚ್ಚು ಹೊತ್ತು ಕೂಗಲಾರರು.

ಕೇಳದೇ ಮಾಡಬೇಕಾದದ್ದೂ ಇದೆ. ಅದನ್ನು ಸ್ಪಷ್ಟವಾಗಿ ಬೇರೆ ಇಟ್ಟುಕೊಳ್ಳಬೇಕು. ನಮ್ಮ ರೋಗಿಗೆ ಎಎಸ್‌ವಿ ಕಲಸಲು ಹೌಸ್ ಸರ್ಜನ್ ಮತ್ತು ಸಿಸ್ಟರ್ ಕೂತರು. ಪುಡಿಯ ರೂಪದ ಒಂದೊಂದು ವೈಯಲಿಗೂ 10 ಎಂಎಲ್ ಡಿಸ್ಟಿಲ್ಡ್ ವಾಟರ್. ಕುಲುಕಿದರೆ ನೊರೆ ಬರುತ್ತದೆ, ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಹತ್ತೂ ಕರಗಿದ ಮೇಲೆ ಸಲೈನಿಗೆ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ಹೋಗುವಂತೆ ಡ್ರಿಪ್. ಶುರುವಾದ ಇಪ್ಪತ್ತು ನಿಮಿಷಕ್ಕೆ ರೋಗಿ ಹೊಟ್ಟೆ ಕೆರೆದುಕೊಳ್ಳತೊಡಗಿದರು, ಎದೆಯ ಮೇಲೆ ದದ್ದು ಎದ್ದವು. ಇಲ್ಲಿ ಯಾರ ಒಪ್ಪಿಗೆಯೂ ಬೇಡ. ಡ್ರಿಪ್ ನಿಲ್ಲಿಸಿ, ಮೊದಲೇ ಸಿರಿಂಜಿನಲ್ಲಿ ತೆಗೆದಿಟ್ಟ ಅಡ್ರಿನಲಿನ್ 0.5 ಎಂಜಿ, ಅಂದರೆ ಒಂದು ಎಂಎಲ್ ಆಂಪೂಲಿನ ಅರ್ಧ, ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಟ್ಟು, ಆಮೇಲೆ ಫೋನ್. ಬೈಸಿಕೊಂಡ ಜೂನಿಯರ್ ಇಲ್ಲಿ ಮೊದಲು ಫೋನ್ ಹಿಡಿದರೆ ಬಿಪಿ ಬಿದ್ದುಹೋಗಬಹುದು. ತುರಿಕೆ ನಿಂತು ಬಿಪಿ ಸ್ಥಿರವಾದ ಮೇಲೆ ಅದೇ ಡ್ರಿಪ್ಪನ್ನು ನಿಧಾನವಾಗಿ ಮತ್ತೆ ಶುರು ಮಾಡಬೇಕು. ಅಲರ್ಜಿ ಆಯಿತೆಂದು ಎಎಸ್‌ವಿ ಪೂರ್ತಿ ಬಿಡುವುದು ತಪ್ಪು. ನಮ್ಮ ಕೇಸಿನಲ್ಲಿ ಅದು 12.40ಕ್ಕೆ ಮುಗಿಯಿತು.

ಈ ನಡುವೆ ಒಂದು ಸಣ್ಣ ಗಳಿಗೆ ಬರುತ್ತದೆ. ಮೊದಲ ಟ್ಯೂಬ್ ತಂದವರು ಹೌಸ್ ಸರ್ಜನ್. ಫಸ್ಟ್ ಇಯರಿಗೆ ತಾನು ಬೈಸಿಕೊಂಡದ್ದನ್ನು ಅವರ ಮೇಲೆ ಹಾಕಲು ದಾರಿ ಇದೆ: ‘ಯಾವ ಟ್ಯೂಬ್ ತಂದೆಯೋ ಏನೋ, ನಿನ್ನಿಂದ ನಾನು ಮಾತು ಕೇಳಬೇಕಾಯ್ತು.’ ಏಣಿಯಲ್ಲಿ ಬೈಗುಳ ಇಳಿಯುವುದು ಈ ಒಂದು ವಾಕ್ಯದಿಂದ. ಅದರ ಬದಲು ‘ಬಾ, ಕಂಟ್ರೋಲ್ ಯಾಕೆ ಇಡ್ತೀವಿ ನೋಡು’ ಎಂದು ಎರಡೂ ಟ್ಯೂಬ್ ಓರೆ ಮಾಡಿ ತೋರಿಸಿದರೆ ಆ ಹುಡುಗ ಅದನ್ನು ಮರೆಯುವುದಿಲ್ಲ. ಮುಂದಿನ ರಾತ್ರಿ ತಪ್ಪಾದರೆ ಮುಚ್ಚಿಡದೆ ಬಂದು ಹೇಳುತ್ತಾನೆ. ಫಸ್ಟ್ ಇಯರಿಗೆ ತನ್ನ ಕೆಳಗಿನವರು ಸತ್ಯ ಹೇಳುವುದು ಎಷ್ಟು ಅಗತ್ಯ ಎಂಬುದು ಹಾವಿನ ಕೇಸಿನ ರಾತ್ರಿ ಚೆನ್ನಾಗಿ ತಿಳಿಯುತ್ತದೆ.

ಬೈಗುಳ ಕೆಲಸವನ್ನು ಕೆಡಿಸುತ್ತದೆ ಎಂಬುದು ಬರೀ ನಮ್ಮ ಅನಿಸಿಕೆಯಲ್ಲ. 2015ರಲ್ಲಿ ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುನ 24 ತಂಡಗಳಿಗೆ ಒಂದು ಅಣಕು ಕೇಸ್ ಕೊಟ್ಟು ಪರೀಕ್ಷಿಸಿದರು. ಅರ್ಧ ತಂಡಗಳಿಗೆ ಹೊರಗಿನ ತಜ್ಞರೊಬ್ಬರಿಂದ ಅವಮಾನದ ಮಾತು ಕೇಳಿಸಿದರು, ಉಳಿದವರಿಗೆ ಸಾಮಾನ್ಯ ಮಾತು. ಅವಮಾನ ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು, ಪರಸ್ಪರ ಮಾಹಿತಿ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಹಾಗಾಗಿ ಬೈಸಿಕೊಂಡ ಮುಂದಿನ ಒಂದು ಗಂಟೆಯನ್ನು ಅಪಾಯದ ಗಂಟೆ ಎಂದೇ ಲೆಕ್ಕ ಹಾಕಬೇಕು. ಆ ಹೊತ್ತಿನಲ್ಲಿ ರಕ್ತದ ಸ್ಯಾಂಪಲಿಗೆ ಲೇಬಲ್ ಅಂಟಿಸುವುದು ಮಂಚದ ಪಕ್ಕದಲ್ಲೇ, ರೋಗಿಯ ಬಾಯಿಂದ ಹೆಸರು ಕೇಳಿ. ಇಂಜೆಕ್ಷನ್ ಪ್ರಮಾಣ ಸಿಸ್ಟರಿಗೆ ಗಟ್ಟಿಯಾಗಿ ಓದಿ ಹೇಳಿ. ಬ್ಲಡ್ ಬ್ಯಾಂಕಿನ ಫಾರಂ ತುಂಬುವ ಕೆಲಸವಿದ್ದರೆ ಇನ್ನೊಬ್ಬರ ಕಣ್ಣು ಬೀಳಿಸಿಕೊಂಡೇ ಕಳಿಸಿ. ಹತ್ತಿಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ಕೆಲಸ ಮಾಡಿದ ಸಿಸ್ಟರುಗಳು ಇಂಥ ಹೊತ್ತಿನಲ್ಲಿ ಎಷ್ಟೋ ಫಸ್ಟ್ ಇಯರುಗಳನ್ನು ಕಾಪಾಡಿದ್ದಾರೆ, ಅವರನ್ನು ಕೇಳಲು ನಾಚಿಕೆ ಬೇಡ.

ಸಿಟ್ಟಿನ ಸೀನಿಯರಿನಿಂದಲೂ ಕಲಿಯಬಹುದು, ಹೊತ್ತು ಆರಿಸಿಕೊಂಡರೆ. ರೌಂಡ್ಸಿನ ನಡುವೆ ಬೇಡ. ರೌಂಡ್ಸ್ ಮುಗಿದು ಚಹಾಕ್ಕೆ ಹೋದಾಗ ‘ಸರ್, ನಿನ್ನೆ ಕಂಟ್ರೋಲ್ ಗಟ್ಟಿಯಾಗಿತ್ತು, ಪೇಷಂಟಿನದು ಆಗಿರಲಿಲ್ಲ. ಒಂದು ವೇಳೆ ಮೊದಲ ಪರೀಕ್ಷೆ ಗಟ್ಟಿಯಾಗಿದ್ರೆ ಎಷ್ಟು ಹೊತ್ತಿನವರೆಗೆ ಮತ್ತೆ ಮತ್ತೆ ನೋಡ್ಬೇಕು?’ ಎಂದು ಒಂದೇ ಪ್ರಶ್ನೆ, ತಾನು ಏನು ಮಾಡಿದೆ ಎಂಬುದರ ಜೊತೆ. ಇದು ಒಳ್ಳೆಯ ಪ್ರಶ್ನೆಯೂ ಹೌದು. ಮೊದಲ ಟ್ಯೂಬ್ ಗಟ್ಟಿಯಾಯಿತೆಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ, ವಿಷ ತಡವಾಗಿ ಏರುವುದುಂಟು, ಕನಿಷ್ಠ 24 ಗಂಟೆ ಇಟ್ಟುಕೊಂಡು ಮತ್ತೆ ಮತ್ತೆ ನೋಡಬೇಕು. ಎಷ್ಟೋ ಸಲ ರಾತ್ರಿ ಕೂಗಾಡಿದ ಅದೇ ಮನುಷ್ಯ ಚಹಾದ ಲೋಟ ಹಿಡಿದು ಹತ್ತು ನಿಮಿಷ ಚೆನ್ನಾಗಿ ಪಾಠ ಮಾಡುತ್ತಾರೆ.

ಆದರೆ ಎಲ್ಲ ಬೈಗುಳದಲ್ಲೂ ಪಾಠ ಹುಡುಕುತ್ತಾ ಕೂರಬಾರದು. ಕೈ ಮಾಡುವುದು, ಮುಖಕ್ಕೆ ಫೈಲ್ ಎಸೆಯುವುದು, ಶಿಕ್ಷೆಯೆಂದು ರಾತ್ರಿಯಿಡೀ ನಿಲ್ಲಿಸುವುದು, ಊಟಕ್ಕೂ ಬಿಡದೆ ಡ್ಯೂಟಿ ಮೇಲೆ ಡ್ಯೂಟಿ ಹಾಕುವುದು, ತಮ್ಮ ಥೀಸಿಸಿನ ಕೆಲಸ ಮಾಡಿಸಿಕೊಳ್ಳುವುದು, ಊಟದ ಬಿಲ್ಲು ಕಟ್ಟಿಸುವುದು ಇವೆಲ್ಲ ತರಬೇತಿಯಲ್ಲ, ರ‍್ಯಾಗಿಂಗ್. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ರ‍್ಯಾಗಿಂಗ್ ತಡೆ ನಿಯಮಗಳು ಪಿಜಿಗಳಿಗೂ ಅನ್ವಯಿಸುತ್ತವೆ. ‘ಸೀಟು ಹೇಗೆ ಸಿಕ್ಕಿತು’ ಎಂಬ ಮಾತನ್ನು ನಮ್ಮ ಭಾಗದಲ್ಲಿ ಇನ್ನೂ ಹತ್ತಿರದಿಂದ ನೋಡಬೇಕು. 371 ಜೆ ಕೋಟಾದಲ್ಲಿ ಬಂದವರು, ಮೀಸಲಾತಿಯಲ್ಲಿ ಬಂದವರು ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಜಾತಿ ಹಿಡಿದು ಹೀಯಾಳಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ವಾರ್ಡು ಜನರ ಕಣ್ಣೆದುರಿನ ಜಾಗವೇ.

ಮೇಲೆ ‘ಬೇರೆ ಜಾಗ’ ಎಂದದ್ದು ಇದಕ್ಕೆ. ಇಂಥವು ನಡೆದರೆ ಅದೇ ದಿನ ದಿನಾಂಕ, ಗಂಟೆ, ಸ್ಥಳ, ಆಡಿದ ಮಾತು ಅದೇ ಪದಗಳಲ್ಲಿ, ಯಾರು ಯಾರು ಇದ್ದರು ಎಂಬುದನ್ನು ಬರೆದು ತಮಗೇ ಒಂದು ಇಮೇಲ್ ಕಳಿಸಿಕೊಳ್ಳಿ. ಇಮೇಲಿನ ದಿನಾಂಕವನ್ನು ಆಮೇಲೆ ಯಾರೂ ತಿದ್ದಿದ್ದೆಂದು ಹೇಳಲಾರರು. ವಾಟ್ಸಾಪಿನಲ್ಲಿ ಬಂದ ಬೈಗುಳದ ಸ್ಕ್ರೀನ್‌ಶಾಟ್ ನಂಬರ್ ಕಾಣುವಂತೆ ಇರಲಿ. ರೋಗಿಯ ಹೆಸರು, ಫೋಟೋ ಮಾತ್ರ ಇದರಲ್ಲಿ ಬರಕೂಡದು. ದೂರು ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಕೊಡಬಹುದು, ಅಥವಾ ದೇಶದ ಸಹಾಯವಾಣಿ 1800-180-5522ಕ್ಕೆ. ವಿಷಯ ಅಪರಾಧದ ಮಟ್ಟಕ್ಕೆ ಹೋದರೆ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ದಾಖಲಿಸಬೇಕೆಂದು ನಿಯಮವಿದೆ. ಇದರ ಮಿತಿಯನ್ನೂ ಹೇಳಬೇಕು: ಒಂದು ವಿಭಾಗದಲ್ಲಿ ವರ್ಷಕ್ಕೆ ನಾಲ್ಕೋ ಐದೋ ಪಿಜಿಗಳಿರುವಲ್ಲಿ ಹೆಸರು ಮುಚ್ಚಿಟ್ಟರೂ ದೂರು ಯಾರದೆಂದು ಊಹಿಸುವುದು ಕಷ್ಟವಲ್ಲ, ಥೀಸಿಸಿಗೆ ಸಹಿ ಹಾಕುವವರೂ ಅದೇ ವಿಭಾಗದವರು. ಅದಕ್ಕೇ ಒಬ್ಬರೇ ಹೋಗುವುದಕ್ಕಿಂತ ಬ್ಯಾಚಿನ ಎಲ್ಲರೂ ಒಂದೇ ಪತ್ರಕ್ಕೆ ಸಹಿ ಹಾಕುವುದು ಮೇಲು.

ನಿದ್ದೆಯ ಲೆಕ್ಕವನ್ನೂ ಬರೆದಿಡಿ. ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ಪಿಜಿಗಳಿಗೆ ದಿನದಲ್ಲಿ ತಕ್ಕಷ್ಟು ವಿಶ್ರಾಂತಿ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ ಕೊಡಬೇಕೆನ್ನುತ್ತವೆ. 2024ರಲ್ಲಿ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಂತೆ ಕೆಲಸ ಹಂಚಲು ಶಿಫಾರಸು ಮಾಡಿತು. ಶಿಫಾರಸು ಡ್ಯೂಟಿ ಚಾರ್ಟಿಗೆ ತಾನಾಗಿ ಇಳಿಯುವುದಿಲ್ಲ, ಆದರೆ ಮೂರು ವಾರದ ಲೆಕ್ಕ ಕಾಗದದ ಮೇಲಿದ್ದರೆ ಮಾತಾಡಲು ಆಧಾರ ಸಿಗುತ್ತದೆ. ರಜೆಯ ದಿನವೂ ನಿದ್ದೆ ಬಾರದೆ ಇದ್ದರೆ, ಸೀನಿಯರ್ ನಂಬರ್ ಮೊಬೈಲಿನಲ್ಲಿ ಮಿನುಗಿದಾಗ ಹೊಟ್ಟೆ ತೊಳಸಿದರೆ, ಬೆಳಗಾಗದಿದ್ದರೇ ಚೆನ್ನಾಗಿತ್ತು ಎನಿಸಿದರೆ ಅದು ನೋಟ್‌ಬುಕ್ಕಿನಿಂದ ಸರಿಹೋಗುವ ಸ್ಥಿತಿಯಲ್ಲ. ತಮ್ಮದೇ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಲು ಮುಜುಗರವಾದರೆ ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ರೋಗಿಯ ರಕ್ತವನ್ನು ಮತ್ತೆ ನೋಡಬೇಕಾದದ್ದು ಎಎಸ್‌ವಿ ಮುಗಿದ ಆರು ಗಂಟೆಗೆ. ವಿಷ ತಟಸ್ಥವಾದ ಮೇಲೂ ಖಾಲಿಯಾದ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಅದಕ್ಕಿಂತ ಮೊದಲು ಪರೀಕ್ಷಿಸಿ ‘ಇನ್ನೂ ಹರಿಯುತ್ತಿದೆ’ ಎಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಆರು ಗಂಟೆಗೂ ಹರಿದರೆ ಎರಡನೇ ಡೋಸ್. ಬೆಳಿಗ್ಗೆ 6.40ಕ್ಕೆ ಹೊಸ ಗಾಜಿನ ಟ್ಯೂಬ್, ಪಕ್ಕದಲ್ಲಿ ಕಂಟ್ರೋಲ್, ಎರಡರ ಮೇಲೂ ಪ್ಲಾಸ್ಟರಿನಲ್ಲಿ ಸಮಯ. 7ಕ್ಕೆ ಓರೆ ಮಾಡಿದಾಗ ಎರಡೂ ಅಲುಗಲಿಲ್ಲ.

8.30ಕ್ಕೆ ರೌಂಡ್ಸ್. ಚೀಫ್ ಮಂಚದ ಪಕ್ಕ ನಿಂತು ಕೇಸ್ ಶೀಟ್ ತಿರುಗಿಸಿ, ‘ಮೊದಲ ಟ್ಯೂಬ್ ಯಾಕೆ ಬಿಟ್ರಿ?’ ಎಂದು ಕೇಳುತ್ತಾರೆ. ಥರ್ಡ್ ಇಯರ್ ಸೆಕೆಂಡ್ ಇಯರ್ ಕಡೆ ನೋಡುತ್ತಾರೆ, ಸೆಕೆಂಡ್ ಇಯರ್ ಫಸ್ಟ್ ಇಯರ್ ಕಡೆ. ‘ಸರ್, 12 ನಿಮಿಷಕ್ಕೆ ನಾನು ಅಲುಗಿಸಿದೆ, ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. 10.40ಕ್ಕೆ ಕಂಟ್ರೋಲ್ ಜೊತೆ ಮತ್ತೆ ಇಟ್ಟೆ, 11.04ಕ್ಕೆ ಸರಿಗೆ ತಿಳಿಸಿದೆ.’ ಚೀಫ್ ಆ ಸಾಲಿನ ಮೇಲೆ ಬೆರಳಿಟ್ಟು ಓದಿ, ‘ಮುಂದಿನ ಟೆಸ್ಟ್ ಎಷ್ಟಕ್ಕೆ?’ ಎನ್ನುತ್ತಾರೆ.

‘ಒಂದಕ್ಕೆ ಸರ್.’